ಅಳಿಸಿ ಹಾಕಿದ 97 ಡಿಗ್ರಿ

ಪಿಯುಸಿ ಓದುವಾಗ ಬೆಂಗಳೂರಿನ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ನೀರು ಕುದಿಸಿ ಅದರ ಉಷ್ಣತೆ ಬರೆಯಬೇಕಿತ್ತು. ಬೀಕರಿನಲ್ಲಿ ನೀರು ಕೊತ ಕೊತ ಕುದಿಯುತ್ತಿತ್ತು. ಥರ್ಮಾಮೀಟರಿನ ಪಾದರಸ ಮಾತ್ರ 97ರ ಹತ್ತಿರ ಬಂದು ನಿಂತುಬಿಟ್ಟಿತ್ತು. ಬರ್ನರ್ ಜೋರು ಮಾಡಿದೆವು. ಗುಳ್ಳೆಗಳ ಆರ್ಭಟ ಜಾಸ್ತಿಯಾಯಿತು, ಪಾದರಸ ಕದಲಲಿಲ್ಲ. ‘ಥರ್ಮಾಮೀಟರ್ ಹಳೇದು ಕಣ್ರೋ, 100 ಅಂತ ಬರ್ಕೊಳ್ಳಿ’ ಎಂದರು ಮೇಷ್ಟ್ರು. ನಾನು 97 ಅಳಿಸಿ 100 ಬರೆದೆ.

ಕರಗುತ್ತಿರುವ ಐಸಿನೊಳಗೆ ಅದೇ ಥರ್ಮಾಮೀಟರನ್ನು ಅದ್ದಿ ನೋಡಬಹುದಿತ್ತು. ಅಲ್ಲಿ ಸರಿಯಾಗಿ ಸೊನ್ನೆ ತೋರಿಸಿದ್ದರೆ ಅದನ್ನು ಬೈಯುವ ಮೊದಲು ಇನ್ನೊಮ್ಮೆ ಯೋಚಿಸುತ್ತಿದ್ದೆವು. ನಮಗ್ಯಾರಿಗೂ ಅದು ಹೊಳೆಯಲಿಲ್ಲ.

ಥರ್ಮಾಮೀಟರಿನ ತಪ್ಪೇನೂ ಇರಲಿಲ್ಲ. ಯಾಕೆ ಅಂತ ತಿಳಿಯಲು ಒಂದು ಗಾಜಿನ ಭರಣಿ ಸಾಕು. ಅದರಲ್ಲಿ ಅರ್ಧ ನೀರು ಹಾಕಿ, ಮೇಲಿನ ಗಾಳಿಯನ್ನೆಲ್ಲ ಪಂಪಿನಿಂದ ತೆಗೆದು, ಮುಚ್ಚಳ ಬಿಗಿ ಮಾಡಿದ್ದೇವೆ ಅಂದುಕೊಳ್ಳಿ. ನೀರಿನ ಅಣುಗಳು ಸುಮ್ನೆ ಕೂರುವುದಿಲ್ಲ. ಮೇಲ್ಮೈಯಲ್ಲಿರುವ ಕೆಲವು ಚುರುಕಾದ ಅಣುಗಳು ಪಕ್ಕದವುಗಳ ಹಿಡಿತ ಬಿಡಿಸಿಕೊಂಡು ಮೇಲಿನ ಖಾಲಿ ಜಾಗಕ್ಕೆ ಹಾರುತ್ತವೆ. ಅದೇ ಆವಿ. ಹಾರಿದವುಗಳಲ್ಲಿ ಕೆಲವು ಮತ್ತೆ ನೀರಿಗೆ ಬಂದು ಬೀಳುತ್ತವೆ. ಮೇಲೆ ಗುಂಪು ಹೆಚ್ಚಿದಂತೆ ವಾಪಸ್ ಬೀಳುವವೂ ಹೆಚ್ಚುತ್ತವೆ. ಕೊನೆಗೆ ಹೋಗುವವರಷ್ಟೇ ಬರುವವರೂ ಆಗುತ್ತಾರೆ. ಆ ಹೊತ್ತಿಗೆ ಮೇಲಿರುವ ಆವಿ ಭರಣಿಯ ಗೋಡೆಯನ್ನು ಎಷ್ಟು ಒತ್ತುತ್ತಿರುತ್ತದೋ ಅದೇ ಆವಿ ಒತ್ತಡ.

ಇದರಲ್ಲಿ ಒಂದು ತಮಾಷೆ ಇದೆ. ಭರಣಿ ದೊಡ್ಡದಿರಲಿ ಚಿಕ್ಕದಿರಲಿ, ನೀರು ಒಂದು ಲೋಟ ಇರಲಿ ಒಂದು ಚಮಚ ಇರಲಿ, ತಳದಲ್ಲಿ ಸ್ವಲ್ಪವಾದರೂ ನೀರು ಉಳಿದಿದ್ದರೆ ಸಾಕು, ಆವಿ ಒತ್ತಡ ಅಷ್ಟೇ. ಅದನ್ನು ಬದಲಾಯಿಸುವುದು ಬಿಸಿ ಮಾತ್ರ. ಬಿಸಿ ಏರಿದರೆ ಹಾರುವಷ್ಟು ಚುರುಕಾದ ಅಣುಗಳು ಹೆಚ್ಚುತ್ತವೆ, ಒತ್ತಡವೂ ಏರುತ್ತದೆ. ಏರುವ ರೀತಿ ಮಾತ್ರ ಸಮನಾಗಿಲ್ಲ. ಒತ್ತಡವನ್ನು ಪಾದರಸದ ಮಿಲಿಮೀಟರಿನಲ್ಲಿ ಅಳೆದರೆ, 30 ಡಿಗ್ರಿ ನೀರಿನ ಆವಿ ಒತ್ತಡ ಬರೀ 32. 60 ಡಿಗ್ರಿಗೆ ಸುಮಾರು 150. 80ಕ್ಕೆ 355. 100 ಡಿಗ್ರಿಗೆ 760. ಸಮುದ್ರ ಮಟ್ಟದಲ್ಲಿ ನಮ್ಮ ಮೇಲಿರುವ ಗಾಳಿಯ ಒತ್ತಡವೂ 760. ಇದು ಕಾಕತಾಳೀಯ ಅಲ್ಲ.

ಯಾಕೆ ಅಂತ ನೋಡಲು ಒಲೆಯ ಮೇಲಿನ ಪಾತ್ರೆಗೆ ಬಗ್ಗಿ ನೋಡಿ. ಮೊದಲು ಪಾತ್ರೆಯ ಒಳಗೋಡೆಗೆ ಸಾಸಿವೆ ಕಾಳಿನಂಥ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಅದು ಕುದಿತ ಅಲ್ಲ, ನೀರಿನಲ್ಲಿ ಕರಗಿದ್ದ ಗಾಳಿ ಹೊರಬರುತ್ತಿರುವುದು. ಆಮೇಲೆ ಸುಂಯ್ ಅನ್ನುವ ಸದ್ದು ಶುರುವಾಗುತ್ತದೆ. ತಳದಲ್ಲಿ ನೀರು ಜಾಸ್ತಿ ಬಿಸಿಯಾಗಿ ಆವಿಯ ಗುಳ್ಳೆ ಹುಟ್ಟುತ್ತದೆ, ಅದು ಸ್ವಲ್ಪ ಮೇಲೇರಿ ಅಷ್ಟೊಂದು ಬಿಸಿಯಿಲ್ಲದ ನೀರು ಸಿಕ್ಕಿದ ಕೂಡಲೇ ಕುಸಿದುಹೋಗುತ್ತದೆ. ಸಾವಿರಾರು ಗುಳ್ಳೆಗಳು ಹೀಗೆ ಸಾಯುವ ಸದ್ದು ಅದು. ನೀರೆಲ್ಲ ಒಂದೇ ಬಿಸಿಗೆ ಬಂದಾಗ ಆ ಸದ್ದು ತಗ್ಗಿ, ದಪ್ಪ ಗುಳ್ಳೆಗಳು ಮೇಲಿನವರೆಗೂ ಬಂದು ಒಡೆಯುತ್ತವೆ. ಸದ್ದಿನಿಂದಲೇ ನೀರು ಕುದಿಯಿತೋ ಇಲ್ಲವೋ ಹೇಳುವ ಅಜ್ಜಿಯರು ಕೇಳುವುದು ಇದನ್ನೇ.

ಗುಳ್ಳೆ ಯಾಕೆ ಕುಸಿಯುತ್ತದೆ? ಹೊರಗಿನ ಗಾಳಿ ನೀರನ್ನು ಒತ್ತುತ್ತಿದೆ, ನೀರು ಗುಳ್ಳೆಯನ್ನು ಒತ್ತುತ್ತಿದೆ. ಗುಳ್ಳೆಯೊಳಗೆ ಎದುರು ನಿಲ್ಲಲು ಇರುವುದು ಆವಿ ಮಾತ್ರ. ಆವಿ ಒತ್ತಡ 700, ಗಾಳಿಯ ಒತ್ತಡ 760 ಆದರೆ ಗುಳ್ಳೆ ಉಳಿಯುವ ಮಾತೇ ಇಲ್ಲ. ಎರಡೂ ಸಮವಾದಾಗ ಗುಳ್ಳೆ ಬದುಕುತ್ತದೆ, ಬೆಳೆಯುತ್ತದೆ. ಕುದಿಯುವುದು ಅಂದರೆ ಇಷ್ಟೇ. ಹಾಗಾದರೆ ತಂತಿಯ ಮೇಲಿನ ಬಟ್ಟೆ 30 ಡಿಗ್ರಿಯಲ್ಲೇ ಒಣಗುತ್ತದಲ್ವಾ ಅಂತ ಕೇಳಬಹುದು. ಅಲ್ಲಿ ಅಣುಗಳು ಮೇಲ್ಮೈಯಿಂದ ಒಂದೊಂದಾಗಿ ಗಾಳಿಯ ನಡುವೆ ನುಸುಳಿ ಹೋಗುತ್ತವೆ, ಗಾಳಿಯನ್ನು ತಳ್ಳಿ ಜಾಗ ಮಾಡಿಕೊಳ್ಳಬೇಕಾಗಿಲ್ಲ. ನೀರಿನ ಒಳಗೆ ಗುಳ್ಳೆ ಕಟ್ಟಲು ಮಾತ್ರ ತಳ್ಳಲೇಬೇಕು.

ಇನ್ನು ಬೆಟ್ಟ ಹತ್ತೋಣ. ಮೇಲೆ ಹೋದಷ್ಟೂ ತಲೆಯ ಮೇಲೆ ಉಳಿದ ಗಾಳಿ ಕಡಿಮೆ, ಅದರ ಒತ್ತಡವೂ ಕಡಿಮೆ. ಬೆಂಗಳೂರಿನಲ್ಲಿ ಅದು ಸುಮಾರು 680. ನೀರಿನ ಆವಿ ಒತ್ತಡ 680 ಮುಟ್ಟುವುದು 97 ಡಿಗ್ರಿಗೆ. ಅಲ್ಲಿಗೆ ನಮ್ಮ ಲ್ಯಾಬಿನ ಜಗಳ ಮುಗಿಯಿತು. ಮುಳ್ಳಯ್ಯನಗಿರಿಯ ತುದಿಯಲ್ಲಾದರೆ 94ರ ಆಸುಪಾಸಿನಲ್ಲೇ ಕುದಿಯುತ್ತದೆ. ಸುಮಾರು 3500 ಮೀಟರ್ ಎತ್ತರದ ಲೇಹ್‌ನಲ್ಲಿ 88. ಎವರೆಸ್ಟಿನ ನೆತ್ತಿಯಲ್ಲಿ ಸುಮಾರು 71.

ಬೇಗ ಕುದಿದರೆ ಅಡುಗೆಯೂ ಬೇಗ ಆಗಬೇಕಲ್ಲ ಅಂತ ಅನ್ನಿಸುತ್ತದೆ. ಆಗುವುದು ಉಲ್ಟಾ. ಬೇಳೆಯನ್ನು ಬೇಯಿಸುವುದು ಬಿಸಿ, ಗುಳ್ಳೆಯಲ್ಲ. ಲೇಹ್‌ನಲ್ಲಿ ಪಾತ್ರೆ ಎಷ್ಟೇ ಉಕ್ಕಿದರೂ ನೀರು 88 ದಾಟುವುದಿಲ್ಲ, ಬೆಂಕಿ ಜೋರು ಮಾಡಿದರೆ ನೀರು ಬೇಗ ಬತ್ತುತ್ತದೆ ಅಷ್ಟೆ. 1835ರಲ್ಲಿ ಆಂಡಿಸ್ ಪರ್ವತ ದಾಟುತ್ತಿದ್ದ ಚಾರ್ಲ್ಸ್ ಡಾರ್ವಿನ್ ತಂಡ ರಾತ್ರಿಯೆಲ್ಲ ಒಲೆಯ ಮೇಲಿಟ್ಟರೂ ಆಲೂಗೆಡ್ಡೆ ಬೇಯಲಿಲ್ಲ. ಜೊತೆಗಿದ್ದವರು ಹೊಸ ಪಾತ್ರೆಯದ್ದೇ ತಪ್ಪು ಎಂದು ತೀರ್ಮಾನಿಸಿದರು. ನಮ್ಮ ಮೇಷ್ಟ್ರು ಥರ್ಮಾಮೀಟರನ್ನು ಬೈದ ಹಾಗೆ.

ಕುಕ್ಕರ್ ಇದ್ದರೆ ಈ ತೊಂದರೆ ತಪ್ಪುತ್ತದೆ, ಪೂರ್ತಿಯಾಗಿ ಅಲ್ಲ. ಕುಕ್ಕರಿನ ವೆಯ್ಟ್ ಹೊರಗಿನ ಗಾಳಿಯ ಒತ್ತಡದ ಮೇಲೆ ಇನ್ನಷ್ಟು ಸೇರಿಸುತ್ತದೆ, ಹೆಚ್ಚುಕಡಿಮೆ ಸಮುದ್ರ ಮಟ್ಟದ ಗಾಳಿಯಷ್ಟೇ. ಮಂಗಳೂರಿನಲ್ಲಿ ಎರಡೂ ಸೇರಿ ನೀರು 120 ಡಿಗ್ರಿಯವರೆಗೆ ಹೋಗುತ್ತದೆ. ಲೇಹ್‌ನಲ್ಲಿ ವೆಯ್ಟ್ ಅದೇ, ಗಾಳಿಯ ಪಾಲು ಮಾತ್ರ ಕಮ್ಮಿ. ಹಾಗಾಗಿ 114ರ ಹತ್ತಿರ ನಿಲ್ಲುತ್ತದೆ. ಊರಿನಲ್ಲಿ ಮೂರು ವಿಜಲ್‌ಗೆ ಬೆಂದ ಬೇಳೆ ಅಲ್ಲಿ ಇನ್ನೂ ಗಟ್ಟಿ ಉಳಿಯುವುದು ಇದಕ್ಕೇ.

ಇದನ್ನೇ ತಿರುಗಿಸಿ ಕೆಲಸಕ್ಕೆ ಹಚ್ಚಿದವರೂ ಇದ್ದಾರೆ. ಟಿಬೆಟ್‌ಗೆ ಹೊರಗಿನವರು ಕಾಲಿಡಲಾಗದ ಕಾಲದಲ್ಲಿ, ಬ್ರಿಟಿಷರ ಸರ್ವೆ ಇಲಾಖೆ ಕುಮಾಊಂನ ನೈನ್ ಸಿಂಗ್ ರಾವತ್ ಎಂಬ ಶಾಲಾ ಮೇಷ್ಟ್ರಿಗೆ ತರಬೇತಿ ಕೊಟ್ಟು ಗುಟ್ಟಾಗಿ ಕಳಿಸಿತು. 1866ರ ಜನವರಿಯಲ್ಲಿ ಅವರು ಲಾಸಾ ತಲುಪಿದರು. ಹೆಜ್ಜೆ ಎಣಿಸಲು 108ರ ಬದಲು 100 ಮಣಿಗಳ ಜಪಮಾಲೆ ಇತ್ತು. ಜೊತೆಗೆ ಬಚ್ಚಿಟ್ಟುಕೊಂಡ ಒಂದು ಥರ್ಮಾಮೀಟರ್. ನೀರು ಕುದಿಸಿ ಅದು ಎಷ್ಟು ತೋರಿಸುತ್ತದೆ ನೋಡಿದರೆ ಅಲ್ಲಿನ ಗಾಳಿಯ ಒತ್ತಡ ಗೊತ್ತಾಗುತ್ತದೆ, ಒತ್ತಡದಿಂದ ಎತ್ತರ. ಅವರ ಲೆಕ್ಕ ಲಾಸಾದ ನಿಜವಾದ ಎತ್ತರಕ್ಕಿಂತ ಕೆಲವು ನೂರು ಮೀಟರ್ ಕಮ್ಮಿ ಬಂತು. ಅದು ದೊಡ್ಡ ತಪ್ಪಿನಂತೆ ಕಾಣುತ್ತದೆ. ಆದರೆ ಥರ್ಮಾಮೀಟರಿನಲ್ಲಿ ಒಂದೇ ಡಿಗ್ರಿ ಹೆಚ್ಚುಕಡಿಮೆ ಓದಿದರೂ ಎತ್ತರ 300 ಮೀಟರ್ ಆಚೀಚೆ ಆಗುತ್ತದೆ. ಅದೂ ಅಲ್ಲದೆ ಒಂದೇ ಊರಿನಲ್ಲಿ ಗಾಳಿಯ ಒತ್ತಡ ದಿನದಿಂದ ದಿನಕ್ಕೆ ಏರಿಳಿಯುತ್ತಿರುತ್ತದೆ.

ಡಿಗ್ರಿಗೆ 300 ಮೀಟರ್ ಅನ್ನುವುದು ಒರಟು ಲೆಕ್ಕ. ನಮ್ಮ ಲ್ಯಾಬಿನ ಥರ್ಮಾಮೀಟರ್ 100ಕ್ಕೆ ಮೂರು ಡಿಗ್ರಿ ಕಮ್ಮಿ ತೋರಿಸಿತ್ತು. ಮೂರು ಮುನ್ನೂರಲೆ ಒಂಬೈನೂರು. ಬೆಂಗಳೂರಿನ ಎತ್ತರ ಸುಮಾರು 920 ಮೀಟರ್.