ಇಟ್ಟಿಗೆ ಗೋಡೆಯ ಮೇಲಿನ ತಾರೀಖು

ಹಳೆಯ ಕ್ಯಾಮೆರಾಗಳು ಚಿತ್ರದ ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು ಒತ್ತುತ್ತಿದ್ದವು. ಅದು ಆಕಾಶದ ಮೇಲೆ ಬಿದ್ದಿದ್ದರೆ ಅಕ್ಕಪಕ್ಕದ ಬಣ್ಣವನ್ನೇ ಒಳಗೆ ಹರಡಿ ಮುಚ್ಚಿಬಿಡಬಹುದು. ಗಿಲಾವು ಮಾಡದ ಇಟ್ಟಿಗೆ ಗೋಡೆಯ ಮೇಲೆ ಹಾಗೆ ಮಾಡಿದರೆ ಮಂಕಾದ ಕೆಂಪು ಮಚ್ಚೆಯೊಂದು ಉಳಿಯುತ್ತದೆ. ಅಲ್ಲಿ ಬೇಕಾದದ್ದು ಬಣ್ಣವಲ್ಲ, ಗೋಡೆಯ ಲೆಕ್ಕ.

ಸಾಮಾನ್ಯ ಗೋಡೆಯಲ್ಲಿ ಪ್ರತಿ ವರಸೆಯೂ ಕೆಳಗಿನದಕ್ಕಿಂತ ಅರ್ಧ ಇಟ್ಟಿಗೆಯಷ್ಟು ಸರಿದು ಕೂತಿರುತ್ತದೆ. ಒಂದು ಚಿತ್ರದಲ್ಲಿ ಸಂದೂ ಸೇರಿ ಇಟ್ಟಿಗೆಯ ಅಗಲ 96 ಪಿಕ್ಸೆಲ್, ವರಸೆಯ ಎತ್ತರ 32 ಪಿಕ್ಸೆಲ್ ಇದೆಯೆಂದುಕೊಳ್ಳೋಣ. ಗೋಡೆಯನ್ನು ಅಡ್ಡಕ್ಕೆ 96 ಸರಿಸಿದರೂ, ಮೇಲಕ್ಕೆ 64 ಸರಿಸಿದರೂ, ಅಡ್ಡಕ್ಕೆ 48 ಮತ್ತು ಮೇಲಕ್ಕೆ 32 ಒಟ್ಟಿಗೆ ಸರಿಸಿದರೂ ಸಂದಿನ ಮೇಲೆ ಸಂದು ಕೂರುತ್ತದೆ. ಬರೀ 32 ಮೇಲಕ್ಕೆ ಸರಿಸಿದರೆ ಮಾತ್ರ ನಿಲುವು ಸಂದುಗಳು ಇಟ್ಟಿಗೆಯ ನಟ್ಟನಡುವೆ ಬಂದು ನಿಲ್ಲುತ್ತವೆ; ಅವಸರದಲ್ಲಿ ಕ್ಲೋನ್ ಮಾಡುವವರು, ಅಂದರೆ ಚಿತ್ರದ ಒಂದು ಭಾಗದ ನಕಲು ತಂದು ಇನ್ನೊಂದನ್ನು ಮುಚ್ಚುವವರು, ಎಡವುವುದು ಹೆಚ್ಚಾಗಿ ಇಲ್ಲೇ.

ನಮ್ಮ ತಾರೀಖು 230 ಪಿಕ್ಸೆಲ್ ಅಗಲ, 40 ಪಿಕ್ಸೆಲ್ ಎತ್ತರ ಇದೆ. ಆದರೆ ಅಳಿಸಬೇಕಾದ ಜಾಗ ಅಷ್ಟೇ ಅಲ್ಲ. ಜೆಪೆಗ್ ಚಿತ್ರಗಳಲ್ಲಿ ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಒರಟಾಗಿ ಉಳಿಸುವುದರಿಂದ ಕಿತ್ತಳೆ ಬಣ್ಣ ಅಂಕಿಯ ಅಂಚು ದಾಟಿ ತೆಳುವಾಗಿ ಹಬ್ಬಿರುತ್ತದೆ, ಅದನ್ನು ಬಿಟ್ಟರೆ ಅಳಿಸಿದ ಅಂಕಿ ನೆರಳಿನಂತೆ ಕಾಣುತ್ತಲೇ ಇರುತ್ತದೆ. ಹಾಗಾಗಿ ಸುತ್ತ 8 ಪಿಕ್ಸೆಲ್ ಸೇರಿಸಿದರೆ ಎತ್ತರ 56 ಆಗುತ್ತದೆ. 48 ಮತ್ತು 32ರ ಓರೆ ಸರಿತದಿಂದ ನಕಲು ತಂದರೆ ಅದರ ಕೆಳಭಾಗದಲ್ಲಿ ತಾರೀಖಿನ ತುದಿಯೇ ಬರುತ್ತದೆ. 64 ಮೇಲಿನಿಂದ ತಂದರೆ ಶುದ್ಧ ಗೋಡೆ ಸಿಗುತ್ತದೆ.

ಈ ಕೆಲಸವನ್ನು ಗಣಕಕ್ಕೆ ಕಲಿಸಿದ ಮೊದಲಿನ ಹೆಸರಾಂತ ವಿಧಾನಗಳಲ್ಲಿ ಒಂದು 1999ರಲ್ಲಿ ಅಲೆಕ್ಸಿ ಎಫ್ರೋಸ್ ಮತ್ತು ಥಾಮಸ್ ಲಿಯಂಗ್ ಅವರದು. ಖಾಲಿ ಜಾಗದ ಅಂಚಿನ ಒಂದೊಂದು ಪಿಕ್ಸೆಲ್‌ಗೂ ಸುತ್ತಲಿನ ಚೌಕಟ್ಟನ್ನು ನೋಡಿ, ಅದನ್ನೇ ಹೋಲುವ ಚೌಕಟ್ಟು ಚಿತ್ರದಲ್ಲಿ ಬೇರೆಲ್ಲಿದೆಯೆಂದು ಹುಡುಕಿ, ಅದರ ನಡುವಿನ ಬಣ್ಣವನ್ನು ತರುವುದು ಅದರ ಕ್ರಮ. ಚೌಕಟ್ಟು ಇಟ್ಟಿಗೆಗಿಂತ ಚಿಕ್ಕದಾದರೆ ಅದಕ್ಕೆ ಕಾಣುವುದು ಬರೀ ಕೆಂಪು. ಸಂದು ಎಷ್ಟು ದೂರದಲ್ಲಿದೆಯೆಂದು ತಿಳಿಯದೆ ಉದ್ದುದ್ದದ, ಸೊಟ್ಟ ಇಟ್ಟಿಗೆಗಳು ಹುಟ್ಟುತ್ತವೆ.

ಗೋಡೆ ಓರೆಯಾಗಿ ದೂರ ಸರಿಯುತ್ತಿದ್ದರೆ ಲೆಕ್ಕವೇ ಕೆಡುತ್ತದೆ. ಎಡತುದಿಯಲ್ಲಿ ಎರಡು ವರಸೆಗೆ 64 ಪಿಕ್ಸೆಲ್ ಇದ್ದದ್ದು ಬಲತುದಿಯಲ್ಲಿ 60 ಆದರೆ ಸಂದು 4 ಪಿಕ್ಸೆಲ್ ತಪ್ಪುತ್ತದೆ, ಮುರಿದ ಗೆರೆಯನ್ನು ನಮ್ಮ ಕಣ್ಣು ಕೂಡಲೇ ಹಿಡಿಯುತ್ತದೆ. ಆಗ ಗೋಡೆಯ ಮೇಲೆ ನಾಲ್ಕು ಮೂಲೆ ಗುರುತಿಸಿ ಅದನ್ನು ನೇರ ಆಯತವಾಗಿಸಿ, ತುಂಬಿಸಿ, ಮತ್ತೆ ಓರೆಗೆ ತಿರುಗಿಸಬೇಕು. ಎರಡು ಸಲ ತಿರುಗಿಸಿದ ಚಿತ್ರ ಸ್ವಲ್ಪ ಮೆತ್ತಗಾಗುವುದರಿಂದ ತಾರೀಖಿದ್ದ ತುಣುಕನ್ನಷ್ಟೇ ಮೂಲಚಿತ್ರಕ್ಕೆ ಅಂಟಿಸುವುದು ಒಳ್ಳೆಯದು.

ಸಂದುಗಳೆಲ್ಲ ಕೂಡಿಕೊಂಡ ಮೇಲೂ ಗುಟ್ಟು ಬಯಲು ಮಾಡುವುದು ಒಡೆದ ಮೂಲೆ, ಬಿಳಿ ಉಪ್ಪಿನ ಕಲೆಯಂಥ ಗುರುತು. ಒಂದೇ ಕಲೆ ಎರಡು ವರಸೆ ಬಿಟ್ಟು ಅದೇ ಆಕಾರದಲ್ಲಿ ಮತ್ತೆ ಕಂಡರೆ ಯಾರಾದರೂ ಹಿಡಿದುಬಿಡುತ್ತಾರೆ. ನಾನಾಗಿದ್ದರೆ ತಾರೀಖಿನ ಎಡಭಾಗಕ್ಕೆ 64 ಮೇಲಿನ ಇಟ್ಟಿಗೆಯನ್ನೂ, ಬಲಭಾಗಕ್ಕೆ ಎಡಗಡೆ 288 ಪಿಕ್ಸೆಲ್, ಅಂದರೆ ಸರಿಯಾಗಿ ಮೂರು ಇಟ್ಟಿಗೆ ಆಚೆಯದನ್ನೂ ತಂದು, ಎರಡರ ಬೆಸುಗೆ ಸಂದಿನ ಗೆರೆಯ ಮೇಲೆಯೇ ಬೀಳುವಂತೆ ನೋಡಿಕೊಳ್ಳುತ್ತೇನೆ.