ದುಡ್ಡು ಬಂದರೆ ಬ್ಯಾಂಕಿಗೆ ಕ್ರೆಡಿಟ್, ನಮಗೆ ಡೆಬಿಟ್: ಯಾರು ಸರಿ?

"ಸರ್, ಅಕೌಂಟಿಗೆ ದುಡ್ಡು ಬಿದ್ರೆ ಬ್ಯಾಂಕ್‌ನೋರು ಕ್ರೆಡಿಟ್ ಅಂತ ಮೆಸೇಜ್ ಕಳಿಸ್ತಾರೆ. ನೀವು ಡೆಬಿಟ್ ಅಂತೀರಿ. ಯಾರು ಸರಿ?"

ಮಂಡ್ಯದಲ್ಲಿ ಅಕೌಂಟ್ಸ್ ಟ್ಯೂಷನ್ ಹೇಳುವ ನನಗೆ ಪ್ರತಿ ವರ್ಷ ಜೂನ್‌ನಲ್ಲಿ ಇದೇ ಪ್ರಶ್ನೆ. ಇಬ್ಬರೂ ಸರಿ. ಪುಸ್ತಕ ಮಾತ್ರ ಬೇರೆ.

ಬೆಲ್ಲದ ಅಂಗಡಿಯವರು ಗಲ್ಲಾದಿಂದ 10,000 ರೂಪಾಯಿ ತೆಗೆದು ಬ್ಯಾಂಕಿಗೆ ಕಟ್ಟಿದರು ಅನ್ನಿ. ಅಂಗಡಿಯ ಪುಸ್ತಕದಲ್ಲಿ ಬ್ಯಾಂಕ್ ಖಾತೆ ಡೆಬಿಟ್, ನಗದು ಕ್ರೆಡಿಟ್. ಬ್ಯಾಂಕಿನ ಪುಸ್ತಕದಲ್ಲಿ ನಗದು ಡೆಬಿಟ್, ಅಂಗಡಿಯವರ ಖಾತೆ ಕ್ರೆಡಿಟ್. ಯಾಕೆಂದರೆ ಆ ದುಡ್ಡು ಬ್ಯಾಂಕಿನ ಪಾಲಿಗೆ ಕೇಳಿದಾಗ ವಾಪಸ್ ಕೊಡಬೇಕಾದ ಸಾಲ. ಮೆಸೇಜ್ ಬರುವುದು ಬ್ಯಾಂಕಿನ ಪುಸ್ತಕದಿಂದ. ನಾವು ಅದನ್ನು ನಮ್ಮದು ಅಂದುಕೊಂಡು ಓದುತ್ತೇವೆ, ಅಷ್ಟೇ.

ಡೆಬಿಟ್ ಅಂದರೆ ಕಳೆಯೋದು, ಕ್ರೆಡಿಟ್ ಅಂದರೆ ಕೂಡೋದು. ಈ ನಂಬಿಕೆಯನ್ನು ಎಷ್ಟು ಸಲ ಒರೆಸಿದರೂ ಮತ್ತೆ ಬೋರ್ಡ್ ಮೇಲೆ ಬಂದು ಕೂರುತ್ತದೆ! ಡೆಬಿಟ್ ಅಂದರೆ ಖಾತೆಯ ಎಡಗಡೆ, ಕ್ರೆಡಿಟ್ ಅಂದರೆ ಬಲಗಡೆ. ಒಳ್ಳೆಯದು, ಕೆಟ್ಟದ್ದು ಏನೂ ಇಲ್ಲ. ಯಾವ ಕಡೆ ಬರೆದರೆ ಜಾಸ್ತಿ ಆಗುತ್ತದೆ ಅನ್ನೋದು ಅದು ಎಂಥ ಖಾತೆ ಅನ್ನೋದರ ಮೇಲಿದೆ. ನಮ್ಮ ಹತ್ತಿರ ಇರುವ ಆಸ್ತಿ ಎಡಗಡೆ ಬೆಳೆಯುತ್ತದೆ. ಆ ಆಸ್ತಿ ಎಲ್ಲಿಂದ ಬಂತು ಅನ್ನೋದು, ಅಂದರೆ ಸಾಲ ಮತ್ತು ಬಂಡವಾಳ, ಬಲಗಡೆ ಬೆಳೆಯುತ್ತದೆ. ಒಂದೇ ದುಡ್ಡನ್ನು ಎರಡು ಕಡೆಯಿಂದ ನೋಡುತ್ತಿದ್ದೇವೆ. ಹಾಗಾಗಿ ಎರಡೂ ಮೊತ್ತ ಸಮ ಇರಲೇಬೇಕು.

"ಹಾಗಾದ್ರೆ ಕೂಲಿ ಯಾಕೆ ಡೆಬಿಟ್? ಅದು ಆಸ್ತಿ ಅಲ್ವಲ್ಲ?" ಇದನ್ನು ಕೇಳಿದ ಹುಡುಗಿಗೆ ಅವತ್ತೇ ಶಹಬ್ಬಾಸ್ ಹೇಳಿದೆ. 500 ರೂಪಾಯಿ ಕೂಲಿ ಕೊಟ್ಟರೆ ಮಾಲೀಕರ ಬಂಡವಾಳ ಅಷ್ಟು ಇಳಿಯುತ್ತದೆ. ಬಂಡವಾಳ ಬೆಳೆಯೋದು ಬಲಗಡೆ, ಹಾಗಾಗಿ ಇಳಿಯೋದು ಎಡಗಡೆ. ಅದಕ್ಕೇ ಖರ್ಚು ಡೆಬಿಟ್. ನಗದು ಆಸ್ತಿ, ಅದು ಕಮ್ಮಿಯಾಯಿತು, ಬಲಗಡೆ ಕ್ರೆಡಿಟ್. ಮಾರಾಟದ ಆದಾಯ ಬಂಡವಾಳ ಹೆಚ್ಚಿಸುತ್ತದೆ, ಅದಕ್ಕೆ ಕ್ರೆಡಿಟ್.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಬಾಕಿ ಬರೆದು ಎರಡೂ ಕಡೆಯ ಮೊತ್ತ ಸಮ ಇದೆಯಾ ಅಂತ ನೋಡುವ ಪಟ್ಟಿ ಟ್ರಯಲ್ ಬ್ಯಾಲೆನ್ಸ್. ಅದರಲ್ಲಿ 900 ರೂಪಾಯಿ ವ್ಯತ್ಯಾಸ ಬಂದರೆ ಸುಮ್ನೆ ಮೊದಲ ಪುಟದಿಂದ ಹುಡುಕಬೇಡಿ. ಮೊದಲು ಅರ್ಧ ಮಾಡಿ: 450ರ ಮೊತ್ತ ಯಾವುದಾದರೂ ತಪ್ಪು ಕಡೆ ಹೋಗಿದೆಯಾ ನೋಡಿ. ಸಿಗಲಿಲ್ಲವಾ? 900 ಒಂಬತ್ತರಿಂದ ಭಾಗವಾಗುತ್ತದೆ, ಅಂದರೆ ಅಂಕಿ ಅದಲು ಬದಲಾಗಿರಬಹುದು. 5,400 ಬರೆಯುವ ಕಡೆ 4,500 ಬರೆದಿರುತ್ತೀರಿ. ಆದರೆ ಕರೆಂಟ್ ಬಿಲ್ಲನ್ನು ರಿಪೇರಿ ಖಾತೆಗೆ ಹಾಕಿದ್ದರೆ ಟ್ರಯಲ್ ಬ್ಯಾಲೆನ್ಸ್ ಚೆನ್ನಾಗಿಯೇ ಟ್ಯಾಲಿ ಆಗುತ್ತದೆ. ಅದನ್ನು ಹಿಡಿಯೋಕೆ ಬಿಲ್ ಫೈಲ್ ತೆಗೆದು ಒಂದೊಂದಾಗಿ ನೋಡಬೇಕು.