ವಕ್ರಿ ಶನಿಗೆ ಬಲವೂ ಹೆಚ್ಚು, ಗೊಂದಲವೂ ಹೆಚ್ಚು: 2022ರ ಸಂಚಾರ ಹೇಳುವುದೇನು

ಜಾತಕದಲ್ಲಿ ಗ್ರಹದ ಪಕ್ಕ ‘ವ’ ಎಂದು, ಅಂದರೆ ಹಿಂದಕ್ಕೆ ಸರಿಯುವಂತೆ ಕಾಣುವ ವಕ್ರಿ ಗ್ರಹ ಎಂದು ಬರೆದಿದ್ದರೆ ಜನ ಎರಡು ಮಾತು ಕೇಳಿರುತ್ತಾರೆ. ವಕ್ರಿ ಗ್ರಹ ಬಲಿಷ್ಠ ಎನ್ನುವುದು ಒಂದು, ಅದರ ಫಲ ನಂಬುವ ಹಾಗಿಲ್ಲ ಎನ್ನುವುದು ಇನ್ನೊಂದು. ಎರಡೂ ಸರಿ. ಆದರೆ ಬಲದ ಕಾರಣ ಬೇರೆ, ಅನಿಶ್ಚಿತತೆಯ ಕಾರಣ ಬೇರೆ. ಇವೆರಡನ್ನೂ ಕಲಸಿಬಿಟ್ಟರೆ ಭವಿಷ್ಯ ಹೇಳುವವರೂ ತಪ್ಪುತ್ತಾರೆ, ಕೇಳುವವರೂ ಕಂಗಾಲಾಗುತ್ತಾರೆ.

ಮೊದಲು ಬಲದ ಮಾತು. ಯಾವ ಗ್ರಹವೂ ನಿಜವಾಗಿ ಹಿಂದಕ್ಕೆ ನಡೆಯುವುದಿಲ್ಲ. ಶನಿ ನಿಧಾನಿ, ಭೂಮಿ ವೇಗಿ. ಭೂಮಿ ಒಳಗಿನ ಕಕ್ಷೆಯಲ್ಲಿ ಶನಿಯನ್ನು ದಾಟಿ ಹೋಗುವಾಗ, ನಕ್ಷತ್ರಗಳ ಹಿನ್ನೆಲೆಯಲ್ಲಿ ಅವನು ಹಿಂದೆ ಸರಿದಂತೆ ಕಾಣುತ್ತಾನೆ. ಹೀಗಾಗುವುದು ಶನಿಗೆ ಎದುರಾಗಿ ಸೂರ್ಯ ಇರುವ ಕಾಲದಲ್ಲಿ. ಆಗ ಶನಿ ಭೂಮಿಗೆ ಹತ್ತಿರ ಇರುತ್ತಾನೆ, ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ ಮೂಡಿ ರಾತ್ರಿಯಿಡೀ ಬೆಳಗುತ್ತಾನೆ. ಆಕಾಶದಲ್ಲಿ ಎದ್ದು ಕಾಣುವ ಗ್ರಹಕ್ಕೆ ಶಾಸ್ತ್ರ ಬಲ ಕೊಟ್ಟಿದೆ. ಸೂರ್ಯನ ಬೆಳಕಿನಲ್ಲಿ ಮುಳುಗಿ ಕಾಣದಾದಾಗ ಅಸ್ತ ಎಂದು ಬಲ ಕಳೆದಿದೆ.

ಗ್ರಹದ ಬಲವನ್ನು ಆರು ಬಗೆಯಲ್ಲಿ ಲೆಕ್ಕ ಹಾಕುವ ಷಡ್ಬಲದಲ್ಲಿ ಈ ಅಂಶವನ್ನು ಅಳೆಯುವುದು ಚೇಷ್ಟಾಬಲ. ಬಲ ಅಳೆಯುವ ಮಾನಕ್ಕೆ ವಿರೂಪ ಎಂದು ಹೆಸರು, ಚೇಷ್ಟಾಬಲದ ಗರಿಷ್ಠ 60 ವಿರೂಪ. ಇಲ್ಲಿ ಹಲವರು ಗಮನಿಸದ ಸಂಗತಿಯೊಂದಿದೆ. ವಕ್ರಿ ಎಂದ ಮಾತ್ರಕ್ಕೆ 60ಕ್ಕೆ 60 ಸಿಗುವುದಿಲ್ಲ. ಚೇಷ್ಟಾಕೇಂದ್ರದ, ಅಂದರೆ ಸರಿಸುಮಾರಾಗಿ ಶನಿಗೂ ಸೂರ್ಯನಿಗೂ ನಡುವಿನ ಕೋನದ ಅಂಶಗಳನ್ನು 3ರಿಂದ ಭಾಗಿಸಿ ಲೆಕ್ಕ ಹಾಕಿದರೆ, ಶನಿ ವಕ್ರಗತಿಗೆ ತಿರುಗುವ ದಿನ ಸುಮಾರು 37 ಮಾತ್ರ ಬರುತ್ತದೆ. ಸೂರ್ಯ ನೇರ ಎದುರಿಗೆ ಬಂದಾಗ 60ರ ಹತ್ತಿರ ಹೋಗಿ, ವಕ್ರತ್ಯಾಗದ, ಅಂದರೆ ಶನಿ ಮತ್ತೆ ಮುಂದಕ್ಕೆ ತಿರುಗುವ ಹೊತ್ತಿಗೆ ಮತ್ತೆ 37ರ ಆಸುಪಾಸಿಗೆ ಇಳಿಯುತ್ತದೆ. ಶನಿ ವರ್ಷದಲ್ಲಿ ಸುಮಾರು ನಾಲ್ಕೂವರೆ ತಿಂಗಳು ವಕ್ರಿಯಾಗಿರುತ್ತಾನೆ. ಆ ಅವಧಿಯಲ್ಲಿ ಹುಟ್ಟಿದವರೆಲ್ಲರ ಶನಿಗೂ ಒಂದೇ ಬಲ ಎನ್ನುವುದು ತಪ್ಪು.

‘ವ’ ಗುರುತು ಬಿಟ್ಟುಹೋದ ಹಳೆಯ ಜಾತಕಗಳು ಬೇಕಾದಷ್ಟಿವೆ. ಪರೀಕ್ಷಿಸುವುದು ಸುಲಭ. ಗುರು ಅಥವಾ ಶನಿ ಇರುವ ರಾಶಿಯಿಂದ ಎಣಿಸಿ 6, 7, 8ನೇ ರಾಶಿಯಲ್ಲಿ ಸೂರ್ಯನಿದ್ದರೆ ಆ ಗ್ರಹ ವಕ್ರಿಯೇ. 5 ಮತ್ತು 9ರಲ್ಲಿ ಬಹುಪಾಲು ವಕ್ರಿ. ಕೆಲವೊಮ್ಮೆ 4ರ ಕೊನೆಗೋ 10ರ ಮೊದಲಿಗೋ ಬೀಳುವುದುಂಟು, ಅಲ್ಲಿ ಅಂಶ ನೋಡಿಯೇ ತೀರ್ಮಾನಿಸಬೇಕು. ಕುಜನಿಗೆ ಖಚಿತವಾಗಿ ಹೇಳಬಹುದಾದದ್ದು 7 ಮಾತ್ರ. ಬುಧ, ಶುಕ್ರರಿಗೆ ಈ ಸೂತ್ರ ಹೊಂದುವುದಿಲ್ಲ, ಏಕೆಂದರೆ ಅವರು ವಕ್ರಿಯಾಗುವುದು ಸೂರ್ಯನ ಸಮೀಪದಲ್ಲೇ. ಹಾಗಾಗಿ ಅವರಿಗೆ ವಕ್ರದ ಜೊತೆ ಅಸ್ತವೂ ಸೇರಿಕೊಳ್ಳುತ್ತದೆ. ಸೂರ್ಯ ಚಂದ್ರರಿಗೆ ವಕ್ರವಿಲ್ಲ, ರಾಹು ಕೇತುಗಳದು ಸದಾ ವಕ್ರಗತಿ.

ಇನ್ನು ಅನಿಶ್ಚಿತತೆ. ಅದರ ಮೂಲ ಕಾಣಬೇಕಾದರೆ 2022ರ ಶನಿಸಂಚಾರವನ್ನು ಮುಂದಿಟ್ಟುಕೊಳ್ಳಬೇಕು. ಆ ವರ್ಷ ಏಪ್ರಿಲ್ 29ರಂದು ಶನಿ ಮಕರ ಬಿಟ್ಟು ಕುಂಭಕ್ಕೆ ಬಂದ. ಜನ್ಮರಾಶಿ, ಅದರ ಹಿಂದಿನ ರಾಶಿ, ಮುಂದಿನ ರಾಶಿ ಈ ಮೂರರಲ್ಲಿ ಶನಿ ಇರುವ ಕಾಲವೇ ಸಾಡೇಸಾತಿ; ಧನು ರಾಶಿಯವರಿಗೆ ಅದು ಮುಗಿಯಿತು ಎಂದು ಎಲ್ಲೆಡೆ ಹೇಳಿದರು. ಶನಿ ಕುಂಭದ 1 ಅಂಶ ದಾಟುತ್ತಿದ್ದಂತೆ ಜೂನ್ ಮೊದಲ ವಾರದಲ್ಲಿ ವಕ್ರಕ್ಕೆ ತಿರುಗಿ, ಜುಲೈ 12ರಂದು ಮಕರಕ್ಕೇ ವಾಪಸಾದ. ಅಕ್ಟೋಬರ್ 23ಕ್ಕೆ ವಕ್ರತ್ಯಾಗ. ಮತ್ತೆ ಕುಂಭಕ್ಕೆ ಬಂದದ್ದು 2023ರ ಜನವರಿ 17ಕ್ಕೆ. ಧನು ರಾಶಿಯವರಿಗೆ ನಡುವೆ ಸಿಕ್ಕಿದ್ದು ಎರಡೂವರೆ ತಿಂಗಳ ಬಿಡುವು ಅಷ್ಟೇ. ಮೀನ ರಾಶಿಯವರಿಗೆ ಇದೇ ತಿರುಗುಮುರುಗು: ಏಪ್ರಿಲ್‌ನಲ್ಲಿ ಶುರುವಾದ ಸಾಡೇಸಾತಿ ಜುಲೈಯಲ್ಲಿ ನಿಂತು, ಜನವರಿಯಲ್ಲಿ ಮತ್ತೆ ಹಿಡಿಯಿತು.

ಇನ್ನೂ ಹತ್ತಿರದಿಂದ ನೋಡೋಣ. ಒಬ್ಬರ ಜನ್ಮಚಂದ್ರ ಮಕರದ 28 ಅಂಶದಲ್ಲಿ, ಅಂದರೆ ಧನಿಷ್ಠಾ 2ನೇ ಪಾದದಲ್ಲಿ ಇದೆ ಎಂದಿಟ್ಟುಕೊಳ್ಳಿ. ಶನಿ ಆ ಬಿಂದುವನ್ನು ಮೊದಲು ದಾಟಿದ್ದು ಏಪ್ರಿಲ್ ಎರಡನೇ ವಾರದ ಹೊತ್ತಿಗೆ. ಹಿಂದಕ್ಕೆ ಬರುವಾಗ ಆಗಸ್ಟ್ ಮೊದಲ ಭಾಗದಲ್ಲಿ ಮತ್ತೊಮ್ಮೆ ದಾಟಿದ. ವಕ್ರ ಬಿಟ್ಟು ಮುಂದೆ ಹೋಗುವಾಗ ಡಿಸೆಂಬರ್ ಕೊನೆಗೆ ಮೂರನೆಯ ಸಲ. ಒಂದೇ ಬಿಂದುವಿನ ಮೇಲೆ ಒಂಬತ್ತು ತಿಂಗಳೊಳಗೆ ಮೂರು ಬಾರಿ ಹಾಯ್ದದ್ದಾಯಿತು. ಅದರಲ್ಲೂ ಎರಡನೆಯ ಸಲ ದಾಟಿದ್ದು ಸೂರ್ಯ ಎದುರು ಬಂದ ಆಗಸ್ಟ್ 14ರ ಸಮೀಪ, ಅಂದರೆ ಚೇಷ್ಟಾಬಲ ತುಂಬಿದ್ದಾಗ. ಅನುಭವದಲ್ಲಿ ಇದನ್ನು ಓದುವ ಕ್ರಮ ಹೀಗೆ: ಮೊದಲ ಸಲ ವಿಷಯ ತಲೆ ಎತ್ತುತ್ತದೆ, ಎರಡನೆಯ ಸಲ ಮುಗಿಯಿತೆಂದುಕೊಂಡದ್ದು ಹಿಂತಿರುಗಿ ಬಲವಾಗಿ ಕಾಡುತ್ತದೆ, ಮೂರನೆಯ ಸಲ ಇತ್ಯರ್ಥ. ವರ್ಗಾವಣೆ ಆದೇಶ ಬಂದು, ತಡೆಹಿಡಿದು, ಮತ್ತೆ ಜಾರಿಯಾಗುವ ಹಾಗೆ. ಏಪ್ರಿಲ್‌ನಲ್ಲೇ ‘ಆಯಿತು’ ಎಂದು ಹೇಳಿಬಿಟ್ಟವರ ಮಾತು ಸುಳ್ಳಾಗುವುದು ಇಲ್ಲಿ. ಅಲ್ಲಿ ಗ್ರಹ ತಪ್ಪಿಲ್ಲ, ಎಣಿಕೆ ಒಂದಕ್ಕೇ ನಿಂತಿತು.

ಅನಿಶ್ಚಿತತೆಗೆ ಇನ್ನೊಂದು ಕಾರಣ, ಬಲ ಎಂದರೆ ಶುಭ ಎಂದು ತಿಳಿಯುವುದು. ಅದೇ 2022ರ ಆಗಸ್ಟ್ 14ರಂದು ಹುಟ್ಟಿದ ಎರಡು ಮಕ್ಕಳನ್ನು ತೆಗೆದುಕೊಳ್ಳಿ. ಇಬ್ಬರಿಗೂ ಶನಿ ಸ್ವಕ್ಷೇತ್ರ ಮಕರದಲ್ಲಿ ವಕ್ರಿ. ತುಲಾ ಲಗ್ನದ ಮಗುವಿಗೆ ಅವನು 4, 5ನೇ ಮನೆಗಳ ಒಡೆಯ, ಒಳ್ಳೆಯ ಫಲ ಕೊಡುವ ಯೋಗಕಾರಕ, ಕೇಂದ್ರದಲ್ಲಿ ಕೂತಿದ್ದಾನೆ. ಆ ಬಲ ಮನೆ, ಓದು, ನೆಲೆಗೆ ಒದಗುತ್ತದೆ ಎಂದು ಓದಬೇಕು. ಸಿಂಹ ಲಗ್ನದ ಮಗುವಿಗೆ ಅದೇ ಶನಿ 6, 7ರ ಒಡೆಯನಾಗಿ 6ರಲ್ಲಿದ್ದಾನೆ. ಸ್ಪರ್ಧೆಯಲ್ಲಿ, ವ್ಯಾಜ್ಯದಲ್ಲಿ ಎದುರಾಳಿಯನ್ನು ಮಣಿಸುವ ಶಕ್ತಿ ಉಂಟು. ಆದರೆ 7ರ ಅಧಿಪತಿ ತನ್ನ ಮನೆಗೆ 12ರಲ್ಲಿ ಬಿದ್ದಿರುವುದರಿಂದ ದಾಂಪತ್ಯದ ವಿಷಯವನ್ನು ಎಚ್ಚರದಿಂದ ನೋಡಬೇಕು. ಚೇಷ್ಟಾಬಲದ ಅಂಕಿ ಎರಡೂ ಕಡೆ ಹತ್ತಿರಹತ್ತಿರವೇ ಇದ್ದರೂ ಫಲದ ದಾರಿ ಬೇರೆಬೇರೆ. ಅಲ್ಲದೆ ಚೇಷ್ಟಾಬಲ ಆರು ಬಲಗಳಲ್ಲಿ ಒಂದು. ಶನಿಗೆ ಒಟ್ಟು ಬೇಕಾದದ್ದು 300 ವಿರೂಪ, ಅದರಲ್ಲಿ ಇದರಿಂದ ಬರುವುದು ಹೆಚ್ಚೆಂದರೆ 60.

ಗ್ರಂಥಗಳೂ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ನೀಚನಾಗಿದ್ದರೂ ವಕ್ರಿಯಾದರೆ ಬಲವಂತ ಎನ್ನುತ್ತದೆ ಫಲದೀಪಿಕೆ. ಉತ್ತರಕಾಲಾಮೃತ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಉಚ್ಚ ಗ್ರಹ ವಕ್ರಿಯಾದರೆ ನೀಚದಂತೆ ಎಂದೂ ಹೇಳುತ್ತದೆ. 2013ರ ಮಾರ್ಚ್‌ನಿಂದ ಜೂನ್‌ವರೆಗೆ ಹುಟ್ಟಿದವರಿಗೆಲ್ಲ ಶನಿ ತುಲೆಯಲ್ಲಿ ಉಚ್ಚ, ಜೊತೆಗೆ ವಕ್ರಿ. ಈ ಒಂದು ಸಾಲು ಹಿಡಿದು ಅಷ್ಟೂ ಮಕ್ಕಳ ಶನಿಯನ್ನು ನೀಚ ಎಂದುಬಿಡುವುದನ್ನು ನಾನು ಒಪ್ಪುವುದಿಲ್ಲ. ತುಲೆಯ ಅಧಿಪತಿ ಶುಕ್ರ ಎಲ್ಲಿದ್ದಾನೆ, ನವಾಂಶದಲ್ಲಿ ಶನಿ ಎಲ್ಲಿದ್ದಾನೆ ಎಂದು ನೋಡಿದ ಮೇಲೆಯೇ ಮಾತಾಡಬೇಕು. ಶುಕ್ರ ಗಟ್ಟಿಯಾಗಿದ್ದರೆ, ಫಲ ತಡವಾಗಿ ಬರುತ್ತದೆ ಎಂದು ಹೇಳುವುದೇ ಸರಿ.

2022ರಂಥ ತಿರುಗುಮುರುಗು ಮುಂದೆಯೂ ಇದೆ. 2027ರ ಜೂನ್‌ನಲ್ಲಿ ಶನಿ ಮೇಷಕ್ಕೆ ಹೋಗಿ, ಅಕ್ಟೋಬರ್‌ನಲ್ಲಿ ವಕ್ರಗತಿಯಿಂದ ಮೀನಕ್ಕೆ ಮರಳಿ, 2028ರ ಫೆಬ್ರವರಿಯಲ್ಲಿ ಮತ್ತೆ ಮೇಷ ಸೇರುತ್ತಾನೆ. ಕುಂಭ ರಾಶಿಯವರು ಸಾಡೇಸಾತಿ ಮುಗಿಯುವ ದಿನ ಕೇಳಿದರೆ ಜೂನ್ ಒಂದನ್ನೇ ಬರೆದುಕೊಡಬೇಡಿ, ಮೂರು ತಿಂಗಳುಗಳನ್ನೂ ಬರೆದುಕೊಡಿ. ವೃಷಭದವರಿಗೆ ಶುರುವಾಗುವ ದಿನಕ್ಕೂ ಇದೇ ಲೆಕ್ಕ.